ಒಂದೇ ವೆಬ್‌ಸೈಟ್, ಮೂರು ಅಂದಾಜು

ಸಕಲೇಶಪುರದ ಕಡೆ ಹೋಮ್‌ಸ್ಟೇ ನಡೆಸುವವರೊಬ್ಬರಿಗೆ ವೆಬ್‌ಸೈಟ್ ಬೇಕು ಎಂದುಕೊಳ್ಳಿ. 12 ಪುಟ, ಕನ್ನಡ ಮತ್ತು ಇಂಗ್ಲಿಷ್ ಎರಡರಲ್ಲೂ. ಕೋಣೆ ಬುಕ್ ಮಾಡಿ ಅಲ್ಲೇ ಹಣ ಕಟ್ಟುವಂತಿರಬೇಕು. ಫೋನಿನಲ್ಲೇ ಕೇಳುತ್ತಾರೆ: “ಎಷ್ಟಾಗುತ್ತೆ ಸಾರ್?”

ಆ ಕ್ಷಣಕ್ಕೆ ಕೈಗೆ ಸಿಗುವುದು ಹೋಲಿಕೆಯ ಅಂದಾಜು, ಅಂದರೆ ಅನಾಲಾಗಸ್ ವಿಧಾನ. ಹೋದ ವರ್ಷ ಇಂಥದೇ ಒಂದು ರೆಸಾರ್ಟ್ ಸೈಟಿಗೆ 80 ಗಂಟೆ ಹಿಡಿದಿತ್ತು. ಇದು ಸ್ವಲ್ಪ ದೊಡ್ಡದು, ಕಾಲು ಭಾಗ ಸೇರಿಸಿದರೆ 100. ಆ ಕಾಲು ಭಾಗ ಎಲ್ಲಿಂದ ಬಂತು ಎಂದರೆ ಅನುಭವದಿಂದ ಎನ್ನಬೇಕಷ್ಟೇ. ಹಾಗಾಗಿ 100 ಎಂದು ಖಡಾಖಂಡಿತ ಹೇಳದೆ, 75ರಿಂದ 175 ಎಂದು ಅಗಲವಾಗಿ ಹೇಳುವುದು ಪ್ರಾಮಾಣಿಕ.

ಎರಡನೆಯದು ಪ್ಯಾರಾಮೆಟ್ರಿಕ್, ದರ ಹಿಡಿದು ಲೆಕ್ಕ ಹಾಕುವುದು. ಹಳೆಯ ಸೈಟುಗಳ ಒಟ್ಟು ಗಂಟೆಯನ್ನು ಪುಟಗಳಿಂದ ಭಾಗಿಸಿದಾಗ ಪುಟಕ್ಕೆ ಸರಾಸರಿ 6 ಗಂಟೆ ಬಂದಿದೆ ಎನ್ನೋಣ. 12 ಪುಟಕ್ಕೆ 72. ಲೆಕ್ಕ ಚೊಕ್ಕವಾಗಿದೆ, ಆದರೆ ಆ ಹಳೆಯ ಸೈಟುಗಳೆಲ್ಲ ಬರೀ ಇಂಗ್ಲಿಷಿನವು, ಹಣ ಪಾವತಿ ಇಲ್ಲದವು. ದರಕ್ಕೆ ಕಾಣುವುದು ಪುಟ ಮಾತ್ರ.

ಮೂರನೆಯದು ಬಾಟಮ್-ಅಪ್: ಕೆಲಸವನ್ನು ಬಿಡಿಬಿಡಿಯಾಗಿ ಬರೆದು ಕೂಡುವುದು. ಮಾತುಕತೆಗೆ 6 ಗಂಟೆ, ವಿನ್ಯಾಸಕ್ಕೆ 16, ಪುಟ ಕಟ್ಟಲು 24, ಫೋಟೊಗಳಿಗೆ 6, ಮೊಬೈಲಿನಲ್ಲಿ ಪರೀಕ್ಷೆಗೆ 8, ಸೈಟು ಏರಿಸಲು 4, ಮಾಲೀಕರು ಹೇಳುವ ತಿದ್ದುಪಡಿಗೆ 10. ಒಟ್ಟು 74, ದರದ ಲೆಕ್ಕಕ್ಕೆ ಹತ್ತಿರವೇ. ಕನ್ನಡಕ್ಕೆ ಬೇರೆ 18 ಬೇಕು. ಮಾಲೀಕರು ಕೊಡುವ ಬರಹ ಹಳೆಯ ನುಡಿ ಫಾಂಟಿನಲ್ಲಿದ್ದರೆ ಯೂನಿಕೋಡಿಗೆ ತರಬೇಕು, ಆಮೇಲೆ ಕೆಟ್ಟ ಒತ್ತಕ್ಷರಗಳನ್ನು ಕಣ್ಣಿಟ್ಟು ಸರಿಪಡಿಸಬೇಕು. ಬುಕಿಂಗ್ ಮತ್ತು ಪಾವತಿಗೆ 30. ಗಿರಾಕಿ ಹಣ ಕಟ್ಟಿದ ಕೂಡಲೇ ಬ್ರೌಸರ್ ಮುಚ್ಚಿಬಿಟ್ಟರೂ ಕೋಣೆ ಅವರ ಹೆಸರಿಗೇ ದಾಖಲಾಗಬೇಕಲ್ಲ, ಅಂಥ ಸಂದರ್ಭಗಳೇ ಹೊತ್ತು ತಿನ್ನುತ್ತವೆ. ಎಲ್ಲ ಸೇರಿ 122 ಗಂಟೆ.

ಮೂರನೆಯದೇ ಸರಿ, ಉಳಿದೆರಡು ದಂಡ ಎಂದು ನನಗನಿಸುವುದಿಲ್ಲ. ಈ ಪಟ್ಟಿ ಮಾಡಲಿಕ್ಕೇ ಅರ್ಧ ದಿನ ಬೇಕು, ಬೇಡಿಕೆ ಸ್ಪಷ್ಟವಿರಬೇಕು. ಬರೆಯಲು ಮರೆತ ಕೆಲಸಕ್ಕೆ ಅದರಲ್ಲಿ ಸೊನ್ನೆ ಗಂಟೆ. ಆ ಮರೆವನ್ನು ಹಿಡಿಯಲು ದರದ ಲೆಕ್ಕ ಬೇಕು. ಬಿಡಿ ಕೆಲಸಗಳ ಮೊತ್ತ 72ಕ್ಕಿಂತ ಕಡಿಮೆ ಬಂದಿದ್ದರೆ ಪಟ್ಟಿಯನ್ನು ಮತ್ತೆ ತೆಗೆದು ನೋಡಬೇಕಿತ್ತು. ಸಾಮಾನ್ಯವಾಗಿ ಬಿಟ್ಟುಹೋಗಿರುವುದು ಪರೀಕ್ಷೆ ಇಲ್ಲವೇ ತಿದ್ದುಪಡಿ.

ಗಂಟೆಯನ್ನು ದಿನವೆಂದು ಓದುವುದು ಇನ್ನೊಂದು ತಪ್ಪು. ದಿನಕ್ಕೆ 6 ಗಂಟೆಯಂತೆ 122 ಗಂಟೆ ಎಂದರೆ ಸುಮಾರು 20 ದಿನದ ದುಡಿಮೆ. ಆದರೆ ಪಾವತಿ ಸೇವೆಯವರು ಮಾಲೀಕರ ಪ್ಯಾನ್, ಬ್ಯಾಂಕ್ ಖಾತೆ, ಸೈಟಿನಲ್ಲಿರುವ ಹಣ ವಾಪಸಾತಿಯ ನಿಯಮ ಎಲ್ಲ ನೋಡಿ ಒಪ್ಪಿಗೆ ಕೊಡುವವರೆಗೆ ಕಾಯಬೇಕು. ಆ ಕಾಯುವಿಕೆಗೆ ಕೂಲಿಯಿಲ್ಲ, ಆದರೂ ಕೊಟ್ಟ ಮಾತಿನ ತಾರೀಕು ಮುಂದೆ ಹೋಗುತ್ತದೆ. ಹಾಗಾಗಿ ಆ ಅರ್ಜಿಯನ್ನು ವಿನ್ಯಾಸ ಶುರುವಾದ ವಾರದಲ್ಲೇ ತಯಾರು ಮಾಡಿಕೊಳ್ಳುವುದು ಒಳ್ಳೆಯದು.