ಮಂಗಟ್ಟೆ ಉಗುಳಿದ ಬೀಜ ಎಷ್ಟು ದೂರ ಹೋಗುತ್ತದೆ?

ಬೇಸಿಗೆಯಲ್ಲಿ ಪಶ್ಚಿಮ ಘಟ್ಟದ ಕಾಡುಗಳಲ್ಲಿ ರಾಮಪತ್ರೆಯ ಕಾಯಿ ಬಿರಿಯುತ್ತದೆ. ದಪ್ಪ ಸಿಪ್ಪೆ ಸೀಳಿ, ಬೀಜವನ್ನು ಬಿಗಿಯಾಗಿ ಸುತ್ತಿಕೊಂಡ ಬಣ್ಣದ ಪತ್ರೆ ಹೊರಗೆ ಕಾಣಿಸುತ್ತದೆ. ಬೀಜ ಅಡಕೆಗಿಂತ ದೊಡ್ಡದು. ಪಿಕಳಾರದಂಥ ಸಣ್ಣ ಹಕ್ಕಿಯ ಬಾಯಿಗೆ ಅದು ಹಿಡಿಸುವುದಿಲ್ಲ. ದೊಡ್ಡ ಮಂಗಟ್ಟೆಗೆ ಮಾತ್ರ ಅದು ಒಂದೇ ತುತ್ತು: ಕೊಕ್ಕಿನ ತುದಿಯಲ್ಲಿ ಕಿತ್ತು, ತಲೆ ಹಿಂದಕ್ಕೆ ಎಸೆದು, ಇಡಿಯಾಗಿ ಗಂಟಲಿಗೆ ಇಳಿಸಿಬಿಡುತ್ತದೆ. ಹಕ್ಕಿಗೆ ಬೇಕಾದದ್ದು ಪತ್ರೆಯ ಕೊಬ್ಬು. ಅದು ಜೀರ್ಣವಾದ ಮೇಲೆ ಬೀಜವನ್ನು ಕಕ್ಕಿ ಉಗುಳುತ್ತದೆ. ಬೀಜಕ್ಕೆ ಏನೂ ಆಗಿರುವುದಿಲ್ಲ, ಬಿದ್ದಲ್ಲಿ ಮೊಳೆಯಬಲ್ಲದು. ಗೋಳಿ, ಬಸರಿಯಂಥ ಮರಗಳ ಸಣ್ಣ ಬೀಜಗಳಾದರೆ ಹಿಕ್ಕೆಯ ಜೊತೆ ಹೊರಬರುತ್ತವೆ.

ಇಷ್ಟನ್ನು ಕಾಡಂಚಿನ ಊರಿನವರೆಲ್ಲ ಬಲ್ಲರು. ಆದರೆ ಆ ಬೀಜ ತಾಯಿಮರದಿಂದ ಎಷ್ಟು ದೂರದಲ್ಲಿ ಬಿತ್ತು ಎಂಬ ಪ್ರಶ್ನೆಗೆ ಉತ್ತರ ಸುಲಭವಲ್ಲ. ಹಾರುವ ಹಕ್ಕಿಯ ಹಿಂದೆ ಓಡಿ, ಅದು ಉಗುಳಿದ ಜಾಗ ಗುರುತು ಮಾಡಿಕೊಳ್ಳಲು ಯಾರಿಗೂ ಆಗದು. ಹಾಗಾಗಿ ವಿಜ್ಞಾನಿಗಳು ಎರಡು ಬೇರೆ ಬೇರೆ ಅಳತೆಗಳನ್ನು ಕೂಡಿಸಿ ಲೆಕ್ಕ ಕಟ್ಟುತ್ತಾರೆ.

ಮೊದಲನೆಯದು ಹೊತ್ತಿನ ಅಳತೆ. ಮೃಗಾಲಯದಲ್ಲಿರುವ ಹಕ್ಕಿಗೆ ಹಣ್ಣು ತಿನ್ನಿಸಿ, ಗಡಿಯಾರ ನೋಡುತ್ತ ಕೂತು, ಬೀಜ ಎಷ್ಟು ಹೊತ್ತಿಗೆ ಹೊರಬಂತು ಎಂದು ಬರೆದುಕೊಳ್ಳುತ್ತಾರೆ. ಎರಡನೆಯದು ಓಡಾಟದ ಅಳತೆ. ಕಾಡಿನ ಹಕ್ಕಿಯನ್ನು ಹಿಡಿದು, ಬೆನ್ನಿಗೆ ಪುಟ್ಟ ಜಿಪಿಎಸ್ ಉಪಕರಣ ಕಟ್ಟಿ ಬಿಡುತ್ತಾರೆ. ಹಣ್ಣಿನ ಮರ ಬಿಟ್ಟ ಅರ್ಧ ಗಂಟೆಗೆ, ಒಂದು ಗಂಟೆಗೆ, ಎರಡು ಗಂಟೆಗೆ ಅದು ಎಲ್ಲಿತ್ತು ಎಂಬುದು ಅದರಿಂದ ಸಿಗುತ್ತದೆ.

ಲೆಕ್ಕ ಅರ್ಥವಾಗಲು ಅಂಕಿಗಳನ್ನು ನಾವೇ ಇಟ್ಟುಕೊಳ್ಳೋಣ. ಒಂದು ಮಂಗಟ್ಟೆ 100 ಬೀಜ ನುಂಗಿತು ಎನ್ನಿ. ಮೊದಲ ಅರ್ಧ ಗಂಟೆಯಲ್ಲಿ 30, ಮುಂದಿನ ಒಂದು ಗಂಟೆಯಲ್ಲಿ 50, ಆಮೇಲೆ ಉಳಿದ 20 ಹೊರಬಂದವು. ಮೊದಲ 30 ಬೀಜ ಉಗುಳುವಾಗ ಹಕ್ಕಿ ಅದೇ ಮರದಲ್ಲೋ ಪಕ್ಕದ ಮರದಲ್ಲೋ ಕೂತಿತ್ತು. ನಡುವಿನ 50ರಲ್ಲಿ ಕೆಲವು ಇಲ್ಲೇ, ಕೆಲವು ಮುಂದಿನ ದಿಬ್ಬದಲ್ಲಿ ಬಿದ್ದವು. ಕೊನೆಯ 20ರ ಹೊತ್ತಿಗೆ ಹಕ್ಕಿ ಬಹಳ ಸಲ ಸುತ್ತಿ ಬಳಸಿ ಹಳೆಯ ಮರಕ್ಕೇ ಮರಳಿತ್ತು, ಎಲ್ಲೋ ಒಮ್ಮೆ ಕಣಿವೆ ದಾಟಿ ಹೋಗಿತ್ತು. ಎಲ್ಲ ಕೂಡಿಸಿದರೆ 200 ಮೀಟರಿನೊಳಗೆ 60, ಅಲ್ಲಿಂದ ಒಂದು ಕಿಲೋಮೀಟರಿನೊಳಗೆ 35, ಅದರಾಚೆ 5 ಬೀಜ. ಇದನ್ನು ಗೆರೆಯಾಗಿ ಬರೆದರೆ ತಾಯಿಮರದ ಹತ್ತಿರ ಎತ್ತರದ ಗುಡ್ಡ ಕಾಣುತ್ತದೆ, ಮುಂದೆ ಸಣಕಲು ಬಾಲ ಉದ್ದಕ್ಕೆ ಚಾಚಿರುತ್ತದೆ. ಈ ಗೆರೆಯೇ ಡಿಸ್ಪರ್ಸಲ್ ಕರ್ನೆಲ್, ಬೀಜಪ್ರಸಾರದ ರೇಖೆ. ಸರಾಸರಿ ದೂರವೊಂದನ್ನೇ ಹೇಳಿದರೆ ಗುಡ್ಡವೂ ಮರೆಯಾಗುತ್ತದೆ, ಬಾಲವೂ ಮರೆಯಾಗುತ್ತದೆ.

ದೂರ ಹೆಚ್ಚಿದಂತೆ ನೆಲವೂ ಹಿಗ್ಗುತ್ತದೆ ಎಂಬುದನ್ನು ಇಲ್ಲಿ ಮರೆಯಬಾರದು. ಮರದ ಸುತ್ತಲಿನ 50 ಮೀಟರಿನ ವೃತ್ತ ಹೆಚ್ಚುಕಡಿಮೆ ಎರಡು ಎಕರೆ. ಅದೇ 950 ಮೀಟರಿನಿಂದ 1,000 ಮೀಟರಿನವರೆಗಿನ ಬಳೆಯಾಕಾರದ ನೆಲ 75 ಎಕರೆಯಷ್ಟಾಗುತ್ತದೆ. ಹಾಗಾಗಿ ದೂರ ಬಿದ್ದ ಬೀಜಗಳು ಬಹಳ ತೆಳುವಾಗಿ ಹರಡಿರುತ್ತವೆ. ಹುಡುಕಲು ಹೋದವರಿಗೆ ಸಿಗುವುದೇ ಅಪರೂಪ.

ಆದರೆ ಕಾಡಿನ ಮುಂದಿನ ತಲೆಮಾರಿಗೆ ಈ ಅಪರೂಪದ ಬೀಜಗಳೇ ಬೇಕು. ಡೇನಿಯಲ್ ಜಾನ್ಜೆನ್ 1970ರಲ್ಲಿ, ಜೋಸೆಫ್ ಕಾನೆಲ್ 1971ರಲ್ಲಿ ಬೇರೆಬೇರೆಯಾಗಿ ಒಂದೇ ವಿಚಾರ ಮುಂದಿಟ್ಟರು. ತಾಯಿಮರದ ಬುಡದಲ್ಲಿ ಬೀಜ ರಾಶಿ ಬಿದ್ದಲ್ಲಿ ಆ ಜಾತಿಯನ್ನೇ ತಿನ್ನುವ ಹುಳು, ಆ ಜಾತಿಗೇ ತಗಲುವ ಶಿಲೀಂಧ್ರ ಎಲ್ಲವೂ ಬೀಡುಬಿಟ್ಟಿರುತ್ತವೆ. ಮೊಳಕೆ ಬಂದರೂ ಸಸಿ ಉಳಿಯುವುದು ಕಷ್ಟ. ದೂರ ಹೋದ ಬೀಜಕ್ಕೆ ಈ ಕಾಟ ಕಡಿಮೆ. ಮರ ಉರುಳಿ ಬಿಸಿಲು ಬಿದ್ದ ಜಾಗ, ನಡುವೆ ತೋಟ ಬಂದು ಬೇರೆಯಾದ ಕಾಡಿನ ತುಂಡು ಇಂಥಲ್ಲಿಗೆ ತಲುಪುವ ಅವಕಾಶವೂ ಬಾಲದ ಬೀಜಕ್ಕೇ ಇರುವುದು.

ಹಾಗೆಂದು ಮಂಗಟ್ಟೆ ನುಂಗಿದ್ದೆಲ್ಲ ಒಳ್ಳೆಯ ಜಾಗಕ್ಕೆ ಹೋಗುತ್ತದೆ ಎಂದುಕೊಳ್ಳಬೇಡಿ. ಮರಿ ಮಾಡುವ ಕಾಲದಲ್ಲಿ ಹೆಣ್ಣು ಮರದ ಪೊಟರೆಯೊಳಗೆ ಕೂತು, ಬಾಯಿಗೆ ಮೆತ್ತಿ, ಕೊಕ್ಕು ತೂರುವಷ್ಟೇ ಸೀಳು ಬಿಟ್ಟುಕೊಳ್ಳುತ್ತದೆ. ಗಂಡು ಗಂಟಲ ತುಂಬ ಹಣ್ಣು ತಂದು, ಒಂದೊಂದನ್ನೇ ಮೇಲಕ್ಕೆ ತಂದು ಆ ಸೀಳಿನಲ್ಲಿ ಕೊಡುತ್ತದೆ. ಒಳಗಿನ ಹೆಣ್ಣು ಬೀಜಗಳನ್ನು ಅಲ್ಲಿಂದಲೇ ಹೊರಗೆ ಉಗುಳುತ್ತದೆ. ತಿಂಗಳುಗಟ್ಟಲೆ ಹೀಗೇ ನಡೆದು ಪೊಟರೆಯ ಬುಡದಲ್ಲಿ ಹತ್ತಾರು ಜಾತಿಯ ಬೀಜ ಗುಡ್ಡೆಯಾಗುತ್ತದೆ. ತಾಯಿಮರದಿಂದ ದೂರ ಬಂದಿವೆ ನಿಜ, ಆದರೆ ಒತ್ತೊತ್ತಾಗಿ ಬಿದ್ದಿವೆ. ಇಲಿಗಳಿಗೆ ಇದು ಹಬ್ಬ, ಮೊಳೆತವೂ ಒಂದರ ನೆರಳಲ್ಲಿ ಒಂದು ಸೊರಗುತ್ತವೆ. ರೇಖೆ ದೂರವನ್ನಷ್ಟೇ ಹೇಳುತ್ತದೆ, ಬೀಜ ಒಂಟಿಯಾಗಿ ಬಿತ್ತೋ ಗುಡ್ಡೆಯಲ್ಲಿ ಬಿತ್ತೋ ಹೇಳುವುದಿಲ್ಲ. ಋತುವಿನೊಂದಿಗೆ ರೇಖೆಯೂ ಬದಲಾಗುತ್ತದೆ: ಗೂಡಿನ ಕಾಲದಲ್ಲಿ ಗಂಡಿನ ಓಡಾಟವೆಲ್ಲ ಗೂಡಿನ ಸುತ್ತಲೇ ಇರುತ್ತದೆ. ಮರಿ ಹೊರಬಂದ ಮೇಲೆ ಹಣ್ಣು ಹುಡುಕಿ ಕಿಲೋಮೀಟರುಗಟ್ಟಲೆ ಹಾರುತ್ತವೆ, ಬಾಲ ಉದ್ದವಾಗುತ್ತದೆ.

ಲೆಕ್ಕ ಸರಿಯೋ ಎಂದು ಪರೀಕ್ಷಿಸಲು ಒಂದು ಸೊಗಸಾದ ದಾರಿ ಇದೆ. ಹಲವು ಹಣ್ಣುಗಳಲ್ಲಿ ಬೀಜದ ಗಟ್ಟಿ ಓಟೆ ತಾಯಿಮರದ ಅಂಗಾಂಶ, ಅದರಲ್ಲಿರುವುದು ತಾಯಿಯ ಡಿಎನ್‌ಎ ಮಾತ್ರ. ನೆಲದಲ್ಲಿ ಸಿಕ್ಕ ಓಟೆಯನ್ನು ಸುತ್ತಲಿನ ಮರಗಳ ಎಲೆಗೆ ಹೋಲಿಸಿದರೆ ತಾಯಿ ಯಾವುದೆಂದು ತಿಳಿಯುತ್ತದೆ. ಸ್ಪೇನಿನ ಪೆಡ್ರೊ ಜೊರ್ಡಾನೊ ಮತ್ತು ಸಂಗಡಿಗರು ಅಲ್ಲಿನ ಬೆಟ್ಟದ ಒಂದು ಕಾಡುಚೆರಿಯ ಮೇಲೆ ಹೀಗೆ ಕೆಲಸ ಮಾಡಿದರು. ಸಣ್ಣ ಹಕ್ಕಿಗಳು ಬಹುಪಾಲು ಬೀಜವನ್ನು ತಾಯಿಯ ಹತ್ತಿರವೇ ಬಿಟ್ಟಿದ್ದವು. ದೂರದ ಬೀಜಗಳನ್ನು ಸಾಗಿಸಿದ್ದು ಹೆಚ್ಚಾಗಿ ದೊಡ್ಡ ಹಕ್ಕಿಗಳು ಮತ್ತು ನರಿಯಂಥ ಪ್ರಾಣಿಗಳು. ಅಂದರೆ ಒಂದು ಮರದ ರೇಖೆ ಹಲವರು ಸೇರಿ ಬರೆದದ್ದು, ಬಾಲದ ಭಾಗ ಕೆಲವೇ ದೊಡ್ಡ ಪ್ರಾಣಿಗಳ ಕೈಯಲ್ಲಿದೆ. ಬೇಟೆಗೆ ಮೊದಲು ಬಲಿಯಾಗುವುದೂ ಅವೇ.

ದೊಡ್ಡ ಹಕ್ಕಿ ಹೋದ ಕಾಡು ನೋಡಲು ಹಸಿರಾಗಿಯೇ ಇರುತ್ತದೆ. ಹಳೆಯ ಮರಗಳು ಹಣ್ಣು ಬಿಡುತ್ತಲೇ ಇರುತ್ತವೆ, ಸಣ್ಣ ಬೀಜದ ಗಿಡಗಳನ್ನು ಪಿಕಳಾರಗಳು ಹರಡುತ್ತಲೇ ಇರುತ್ತವೆ. ಕೊರತೆ ಕಾಣಬೇಕಾದರೆ ನೆಲ ನೋಡಬೇಕು. ದೊಡ್ಡ ಬೀಜದ ಮರವೊಂದರ ಬುಡದಿಂದ ಟೇಪು ಹಿಡಿದು ನಡೆದು, ಅದೇ ಜಾತಿಯ ಸಸಿ ಎಷ್ಟು ದೂರಕ್ಕೆ ಎಷ್ಟಿವೆ ಎಂದು ಎಣಿಸಬೇಕು. ಬುಡದಲ್ಲಿ ಎಳೆ ಮೊಳಕೆಗಳ ರಾಶಿ, ಇಪ್ಪತ್ತು ಮೂವತ್ತು ಹೆಜ್ಜೆ ಆಚೆ ಏನೂ ಇಲ್ಲ, ಹತ್ತಿರದಲ್ಲಿ ಅದೇ ಜಾತಿಯ ಇನ್ನೊಂದು ಮರವೂ ಇಲ್ಲ ಎಂದಾದರೆ, ಬೀಜ ಒಯ್ಯುವವರು ಇಲ್ಲವಾಗಿದ್ದಾರೆಯೇ ಎಂದು ಶಂಕಿಸಬೇಕು. ಅರುಣಾಚಲದ ಪಕ್ಕೆ ಸುತ್ತಮುತ್ತ ಪಿಯಾ ಸೇಥಿ ಮತ್ತು ಹೆನ್ರಿ ಹೌ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬೇಟೆ ಮತ್ತು ಮರಕಡಿತಕ್ಕೆ ಸಿಕ್ಕ ಕಾಡುಗಳಲ್ಲಿ ಮಂಗಟ್ಟೆ ಹರಡುವ ಮರಗಳ ಬೀಜಪ್ರಸಾರವೂ ಎಳೆ ಸಸಿಗಳೂ ಕಡಿಮೆಯಿದ್ದವು.

ನಮ್ಮ ಕಡೆ ತೊಂದರೆ ಇನ್ನೊಂದು ಬಗೆಯದು. ಪತ್ರೆ ಮಾರಾಟಕ್ಕಾಗಿ ರಾಮಪತ್ರೆಯ ಕೊಂಬೆಯನ್ನೇ ಕಡಿದು, ಬಲಿಯುವ ಮೊದಲೇ ಕಾಯಿ ಇಳಿಸುವವರಿದ್ದಾರೆ. ಕಾಫಿ ಸೀಮೆಯಲ್ಲಿ ನೆರಳಿಗಿದ್ದ ಗೋಳಿ, ಗುಳಮಾವುಗಳ ಜಾಗಕ್ಕೆ ಸಿಲ್ವರ್ ಓಕ್ ಬಂದಿದೆ. ಅದರ ಬೀಜ ಗಾಳಿಗೆ ಹಾರುವಂಥದ್ದು, ಹಕ್ಕಿಗೆ ತಿನ್ನಲು ಅದರಲ್ಲಿ ಹಣ್ಣಿಲ್ಲ. ಕಾಡಿನ ಎರಡು ತುಂಡುಗಳ ನಡುವಿನ ತೋಟದಲ್ಲಿ ಹಣ್ಣಿನ ದೊಡ್ಡ ಮರಗಳಿದ್ದರೆ ಮಂಗಟ್ಟೆ ಅಲ್ಲಿ ಇಳಿಯುತ್ತದೆ, ತಿನ್ನುತ್ತದೆ, ಹಿಂದಿನ ಕಾಡಿನ ಬೀಜ ಅಲ್ಲಿ ಉಗುಳಿ ಮುಂದಿನ ಕಾಡಿಗೆ ಹೊರಡುತ್ತದೆ. ತೋಟದವರು ಗೋಳಿಮರವೊಂದನ್ನು ಕಡಿಯದೆ ಉಳಿಸಿದರೆ, ಸುತ್ತಲಿನ ಎಷ್ಟೋ ರಾಮಪತ್ರೆ ಮರಗಳ ರೇಖೆಗೆ ಬಾಲ ಉಳಿಯುತ್ತದೆ.