ರೊಕ್ಕದ ಆ್ಯಪ್ ಅಪ್‌ಡೇಟ್ ಆದಾಗ ನಿಜವಾಗಿ ಬದಲಾದದ್ದೇನು?



ಸಂಜೆ ಹಾಲು ಹಿಂಡಿ, ಸಂಘಕ್ಕೆ ಹಾಕಿ ಮನೆಗೆ ಬಂದು ಫೋನ್ ನೋಡುತ್ತೀರಿ. ರೊಕ್ಕ ಕಳಿಸುವ ಆ್ಯಪ್ ತೆರೆಯುವ ಮೊದಲೇ "ಅಪ್‌ಡೇಟ್ ಮಾಡಿ" ಎಂದು ಬರುತ್ತದೆ. ಏನು ಹೊಸದು ಎಂದು ನೋಡಿದರೆ ಇಂಗ್ಲಿಷಿನಲ್ಲಿ ಒಂದೇ ಸಾಲು: Bug fixes and performance improvements. ಅಂದರೆ ಸಣ್ಣಪುಟ್ಟ ದೋಷ ಸರಿಪಡಿಸಿದ್ದೇವೆ, ಆ್ಯಪ್ ಚುರುಕಾಗಿದೆ ಎಂದಷ್ಟೇ. ಅದನ್ನು ಓದಿ ನಮಗೆ ತಿಳಿಯುವುದು ಏನೂ ಇಲ್ಲ.

ಆದರೆ 2025ರಲ್ಲಿ ಈ ಒಂದು ಸಾಲಿನ ಹಿಂದೆ ನಮ್ಮ ಹಾಲಿನ ರೊಕ್ಕಕ್ಕೆ ಸಂಬಂಧಿಸಿದ ಮೂರು ಬದಲಾವಣೆ ಆದವು. ಫೋನ್‌ಪೇ, ಗೂಗಲ್ ಪೇ, ಪೇಟಿಎಂ, ಭೀಮ್ ಯಾವುದೇ ಇರಲಿ, ಇವೆಲ್ಲ ಓಡುವುದು ಯುಪಿಐ ಎಂಬ ಒಂದೇ ವ್ಯವಸ್ಥೆಯ ಮೇಲೆ. ಅದನ್ನು ನಡೆಸುವ ಸಂಸ್ಥೆ ಭಾರತೀಯ ರಾಷ್ಟ್ರೀಯ ಪಾವತಿ ನಿಗಮ, ಅಂದರೆ ಎನ್‌ಪಿಸಿಐ. ಅದು ಹೊರಡಿಸಿದ ನಿಯಮವನ್ನು ಎಲ್ಲ ಆ್ಯಪ್‌ಗಳೂ ಪಾಲಿಸಬೇಕು. ಆ ಮೂರನ್ನು ಒಂದು ವ್ಯವಹಾರದ ಮೂಲಕ ನೋಡೋಣ.

ಎಮ್ಮೆ ಮಾರುವಾಗ

ಹೀಗೆಂದುಕೊಳ್ಳಿ. ನೀವು ಕಲಬುರಗಿಯ ಬ್ರಹ್ಮಪುರದ ಓಣಿಯಲ್ಲಿ ಇದ್ದೀರಿ. ಎರಡು ಎಮ್ಮೆ ಇವೆ, ಒಂದನ್ನು ಮಾರಬೇಕು. ಮಗ ಅದರ ಫೋಟೊ ತೆಗೆದು ಫೋನಿನಲ್ಲಿ ಹಾಕಿದ. ಮರುದಿನ ಗುರುತಿಲ್ಲದ ಒಬ್ಬನ ಫೋನ್ ಬಂತು. ಅವನು ಎಮ್ಮೆ ನೋಡುವುದೇ ಇಲ್ಲ, ಎಷ್ಟನೇ ಸೂಲು, ದಿನಕ್ಕೆ ಎಷ್ಟು ಲೀಟರ್ ಎಂದೂ ಕೇಳುವುದಿಲ್ಲ. ನೀವು ಹೇಳಿದ 46,000 ರೂಪಾಯಿಗೆ ಒಂದೇ ಮಾತಿಗೆ ಒಪ್ಪುತ್ತಾನೆ. ಆಮೇಲೆ ಹೇಳುತ್ತಾನೆ: "ಅಕ್ಕಾರ, ಈಗ 2,000 ಮುಂಗಡ ಕಳಸ್ತೀನ್ರಿ. ನಿಮ್ಮ ಫೋನಿಗೆ ಒಂದು ಸಂದೇಶ ಬರ್ತದ. ಅದನ್ನ ಒತ್ತಿ ಪಿನ್ ಹಾಕ್ರಿ, ರೊಕ್ಕ ಬಂದು ಬೀಳ್ತದ."

ಸಂದೇಶ ಬರುತ್ತದೆ. ಅದರಲ್ಲಿ 2,000 ರೂಪಾಯಿ ಎಂದೇ ಇರುತ್ತದೆ. ನೀವು ಪಿನ್ ಹಾಕುತ್ತೀರಿ. ರೊಕ್ಕ ಬರುವುದಿಲ್ಲ, ನಿಮ್ಮ ಖಾತೆಯಿಂದಲೇ 2,000 ಹೋಗಿರುತ್ತದೆ. "ನೆಟ್‌ವರ್ಕ್ ತೊಂದ್ರಿ ಆಗ್ಯದ, ಇನ್ನೊಮ್ಮೆ ಹಾಕ್ರಿ" ಎನ್ನುತ್ತಾನೆ. ಐದು ಸಲ ಹಾಕಿದರೆ 10,000 ಹೋಯಿತು.

ಇಲ್ಲಿ ನಡೆದದ್ದೇನು? ಅವನು ಕಳಿಸಿದ್ದು ರೊಕ್ಕವಲ್ಲ, ರೊಕ್ಕ ಕೇಳುವ ಬೇಡಿಕೆ. ಇಂಗ್ಲಿಷಿನಲ್ಲಿ ಇದಕ್ಕೆ "ಕಲೆಕ್ಟ್ ರಿಕ್ವೆಸ್ಟ್" ಎನ್ನುತ್ತಾರೆ. ಗೆಳತಿಗೆ ಕೈಗಡ ಕೊಟ್ಟಿದ್ದರೆ ಅದನ್ನು ನೆನಪಿಸಿ ಕೇಳಲಿಕ್ಕೆ ಈ ಸೌಲಭ್ಯ ಇತ್ತು. ಅದನ್ನು ಕಳ್ಳರು ಹಿಡಿದುಕೊಂಡರು. ಒಬ್ಬ ವ್ಯಕ್ತಿ ಇನ್ನೊಬ್ಬರಿಗೆ ಒಂದು ಸಲಕ್ಕೆ 2,000 ರೂಪಾಯಿಗಿಂತ ಹೆಚ್ಚು ಕೇಳದಂತೆ ಮಿತಿ ಇತ್ತು. ಅದಕ್ಕೇ ಮುಂಗಡ 2,000 ಎಂಬ ಮಾತು, ಅದಕ್ಕೇ ಇನ್ನೊಮ್ಮೆ, ಮತ್ತೊಮ್ಮೆ ಎಂಬ ಒತ್ತಾಯ.

ಮೊದಲ ಬದಲಾವಣೆ: ವ್ಯಕ್ತಿ ಕಳಿಸುವ ಬೇಡಿಕೆ ನಿಂತಿತು

2025ರ ಅಕ್ಟೋಬರ್ ತಿಂಗಳ ಆರಂಭದಿಂದ ಈ ಸೌಲಭ್ಯವನ್ನು ಎನ್‌ಪಿಸಿಐ ಮುಚ್ಚಿಸಿತು. ಈಗ ಒಬ್ಬ ವ್ಯಕ್ತಿ ಇನ್ನೊಬ್ಬ ವ್ಯಕ್ತಿಗೆ ಯುಪಿಐನಲ್ಲಿ ರೊಕ್ಕ ಕೇಳುವ ಬೇಡಿಕೆ ಕಳಿಸಲು ಆಗುವುದಿಲ್ಲ. ಆ್ಯಪ್‌ನಲ್ಲಿ ಮೊದಲು ಇದ್ದ "ರಿಕ್ವೆಸ್ಟ್" ಗುಂಡಿ ಕಾಣದಿದ್ದರೆ ಫೋನ್ ಕೆಟ್ಟಿದೆ ಎಂದು ತಿಳಿಯಬೇಡಿ. ನಿಮ್ಮಿಂದ ಮನೆಹಾಲು ಕೊಳ್ಳುವವರು ತಿಂಗಳ ಲೆಕ್ಕ ಕೊಡಬೇಕಿದ್ದರೆ ಅವರಿಗೆ ಬಾಯಿಮಾತಿನಲ್ಲಿ ಹೇಳಿ, ಇಲ್ಲವೇ ನಿಮ್ಮ ಕ್ಯೂಆರ್ ಚಿತ್ರ ಕಳಿಸಿ. ಕೊಡುವವರೇ ತಮ್ಮ ಫೋನಿನಿಂದ ಕೊಡಬೇಕು.

ಇದಕ್ಕೊಂದು ಮಿತಿ ಇತ್ತು. ವ್ಯಾಪಾರಿಗಳಾಗಿ ನೋಂದಾಯಿಸಿದ ಕಂಪನಿಗಳು ಬೇಡಿಕೆ ಕಳಿಸುವುದು 2025ರ ಆ ನಿಯಮದಿಂದ ನಿಲ್ಲಲಿಲ್ಲ. ಫೋನಿನಲ್ಲಿ ಏನಾದರೂ ಕೊಂಡು, ಅಲ್ಲಿ ನಿಮ್ಮ ಯುಪಿಐ ಐಡಿ ಕೊಟ್ಟರೆ ಆಗ ಆ್ಯಪ್‌ಗೆ ಬೇಡಿಕೆ ಬರುತ್ತಿತ್ತು. ಹಾಗಾಗಿ ನೀವು ಏನೂ ಕೊಳ್ಳದಿರುವಾಗ ಯಾವುದೇ ಬೇಡಿಕೆ ಬಂದರೆ ಅದನ್ನು ತಿರಸ್ಕರಿಸಿ.

ಕಳ್ಳನೂ ಸುಮ್ಮನೆ ಕೂರುವವನಲ್ಲ. ಬೇಡಿಕೆ ಕಳಿಸಲು ಆಗದಿದ್ದರೆ ವಾಟ್ಸಾಪ್‌ನಲ್ಲಿ ಒಂದು ಕ್ಯೂಆರ್ ಚಿತ್ರ ಕಳಿಸಿ, "ಇದನ್ನ ಸ್ಕ್ಯಾನ್ ಮಾಡ್ರಿ, ರೊಕ್ಕ ಬರ್ತದ" ಎನ್ನುತ್ತಾನೆ. ಅದು ಅವನ ಕ್ಯೂಆರ್. ಹಿಂಡಿ ಅಂಗಡಿಯಲ್ಲಿ ಗೋಡೆಗೆ ಅಂಟಿಸಿದ ಚಿತ್ರ ಸ್ಕ್ಯಾನ್ ಮಾಡಿದರೆ ನೀವು ರೊಕ್ಕ ಕೊಡುತ್ತೀರಿ ತಾನೆ? ಇಲ್ಲೂ ಅಷ್ಟೇ. ಇಂಥ ಹೊತ್ತಿನಲ್ಲಿ ಕೈ ಹಿಡಿಯುವುದು ಎರಡನೇ ಬದಲಾವಣೆ.

ಎರಡನೇ ಬದಲಾವಣೆ: ಬ್ಯಾಂಕಿನಲ್ಲಿರುವ ಹೆಸರೇ ಕಾಣುತ್ತದೆ

ಮೊದಲು ರೊಕ್ಕ ಕಳಿಸುವಾಗ ಕೆಲವು ಆ್ಯಪ್‌ಗಳಲ್ಲಿ ನೀವು ಫೋನಿನಲ್ಲಿ ಬರೆದುಕೊಂಡ ಹೆಸರೋ, ಎದುರಿನವನು ತಾನೇ ಇಟ್ಟುಕೊಂಡ ಹೆಸರೋ, ಕ್ಯೂಆರ್ ಒಳಗೆ ಬರೆದ ಹೆಸರೋ ಕಾಣುತ್ತಿತ್ತು. ಕಳ್ಳನೊಬ್ಬ ಯಾವುದೋ ಇಲಾಖೆಯ ಹೆಸರು ಇಟ್ಟುಕೊಂಡರೆ ಅದೇ ಕಾಣುವ ಸಾಧ್ಯತೆ ಇತ್ತು. 2025ರ ಜೂನ್ 30ರೊಳಗೆ ಇದನ್ನು ಬದಲಿಸಬೇಕೆಂದು ನಿಯಮ ಬಂತು. ವ್ಯಕ್ತಿಗಳಿಗೂ ಸಣ್ಣ ಅಂಗಡಿಯವರಿಗೂ ರೊಕ್ಕ ಕಳಿಸುವಾಗ, ಪಿನ್ ಹಾಕುವ ಮೊದಲಿನ ಪುಟದಲ್ಲಿ ಅವರ ಬ್ಯಾಂಕ್ ಖಾತೆಯಲ್ಲಿರುವ ಹೆಸರನ್ನೇ ತೋರಿಸಬೇಕು.

ಇದರಿಂದ ಮೊದಮೊದಲು ಗಾಬರಿ ಆಗುವುದು ಸಹಜ. ನೀವು ಫೋನಿನಲ್ಲಿ "ಹಿಂಡಿ ಅಂಗಡಿ" ಎಂದು ಬರೆದಿಟ್ಟಿರುತ್ತೀರಿ, ಅಂಗಡಿಯ ಫಲಕದಲ್ಲಿ ದೇವರ ಹೆಸರಿರುತ್ತದೆ, ಆ್ಯಪ್‌ನಲ್ಲಿ ಮಾತ್ರ ಯಾವುದೋ ಹೆಣ್ಣುಮಗಳ ಹೆಸರು ಬರುತ್ತದೆ. ಖಾತೆ ಅಂಗಡಿಯವರ ಹೆಂಡತಿಯದೋ ತಾಯಿಯದೋ ಇರಬಹುದು. "ಅಣ್ಣಾ, ಈ ಹೆಸರು ಬಂದದ, ನಿಮ್ಮದೇ ಏನ್ರಿ?" ಎಂದು ಕೇಳಿ, ಹೌದೆಂದ ಮೇಲೆ ಪಿನ್ ಹಾಕಿ. ಕೇಳುವುದರಲ್ಲಿ ನಾಚಿಕೆಯಿಲ್ಲ. ಅಂಗಡಿಯವರಿಗೂ ಇದು ಒಳ್ಳೆಯದೇ, ಏಕೆಂದರೆ ಅವರ ಕ್ಯೂಆರ್ ಮೇಲೆ ಬೇರೆಯವರು ತಮ್ಮ ಚಿತ್ರ ಅಂಟಿಸಿ ಹೋಗಿದ್ದರೆ ಆಗಲೇ ಗೊತ್ತಾಗುತ್ತದೆ.

ಈಗ ಎಮ್ಮೆಯ ವ್ಯವಹಾರಕ್ಕೆ ಮರಳೋಣ. ಕಳ್ಳ ಕಳಿಸಿದ ಕ್ಯೂಆರ್ ಸ್ಕ್ಯಾನ್ ಮಾಡಿದಿರಿ ಎಂದುಕೊಳ್ಳಿ. ಪುಟದಲ್ಲಿ ಗುರುತಿಲ್ಲದ ಒಬ್ಬನ ಹೆಸರು, ಕೆಳಗೆ ಮೊತ್ತ, ಅದರ ಕೆಳಗೆ ಪಾವತಿಯ ಗುಂಡಿ. ನಿಮಗೆ ರೊಕ್ಕ ಬರುವುದಾಗಿದ್ದರೆ ಅಲ್ಲಿ ಅವನ ಹೆಸರು ಏಕೆ ಇರಬೇಕು? ಆ ಪುಟದಲ್ಲಿ ಯಾರ ಹೆಸರಿದೆಯೋ ರೊಕ್ಕ ಅವರಿಗೇ ಹೋಗುತ್ತದೆ. ಇಷ್ಟು ನೋಡಿದರೆ ಅಲ್ಲಿಗೇ ಹಿಂದೆ ಬರಬಹುದು.

ಇದಕ್ಕೂ ಮಿತಿ ಉಂಟು. ಹೆಸರು ಖಾತೆದಾರರು ಯಾರೆಂದು ಹೇಳುತ್ತದೆ, ಅವರು ಒಳ್ಳೆಯವರೋ ಅಲ್ಲವೋ ಎಂದು ಹೇಳುವುದಿಲ್ಲ. ಬೇರೆಯವರ ಖಾತೆ ಬಳಸಿ ಮೋಸ ಮಾಡುವವರೂ ಇದ್ದಾರೆ. ನಿಮ್ಮ ಕಡೆಯಿಂದಲೂ ಒಂದು ಮಾತು ನೋಡಿಕೊಳ್ಳಿ. ನಿಮ್ಮ ನಂಬರ್ ಮಗನ ಅಥವಾ ಯಜಮಾನರ ಖಾತೆಗೆ ಜೋಡಣೆ ಆಗಿದ್ದರೆ, ಹಾಲು ಕೊಂಡವರಿಗೆ ಕಾಣುವುದು ಅವರ ಹೆಸರು, ರೊಕ್ಕ ಬೀಳುವುದೂ ಅವರ ಖಾತೆಗೆ. ನಿಮ್ಮ ಹಾಲಿನ ರೊಕ್ಕ ನಿಮ್ಮ ಪಾಸ್‌ಬುಕ್‌ಗೇ ಬೀಳಬೇಕಿದ್ದರೆ, ಮನೆಯಲ್ಲಿ ಯಾರಾದರೂ ಒಬ್ಬರು ನಿಮಗೆ ಒಂದು ರೂಪಾಯಿ ಕಳಿಸಲಿ, ಯಾರ ಹೆಸರು ಕಾಣುತ್ತದೆ ನೋಡಿ.

ಮೂರನೇ ಬದಲಾವಣೆ: ಬಾಕಿ ನೋಡಲು ಲೆಕ್ಕ

ಹಾಲಿನ ಬಟವಾಡೆ ಬರುವ ದಿನ ಎಲ್ಲರೂ ಆ್ಯಪ್ ತೆರೆದು ತೆರೆದು ಖಾತೆಯ ಬಾಕಿ ನೋಡುವುದು ಉಂಟು. ನೀವು ಒತ್ತಿದ ಪ್ರತಿ ಸಲವೂ ಆ್ಯಪ್ ನಿಮ್ಮ ಬ್ಯಾಂಕನ್ನು ಕೇಳಬೇಕು. ದೇಶದ ಕೋಟ್ಯಂತರ ಜನ ಹೀಗೆ ಕೇಳಿದರೆ ವ್ಯವಸ್ಥೆಯ ಮೇಲೆ ಹೊರೆ ಬಿದ್ದು, ನಿಜವಾದ ಪಾವತಿಗಳೇ ಸಿಕ್ಕಿಕೊಳ್ಳುತ್ತವೆ. ಅದಕ್ಕಾಗಿ 2025ರ ಆಗಸ್ಟ್ 1ರಿಂದ ಒಂದು ಆ್ಯಪ್‌ನಲ್ಲಿ ದಿನಕ್ಕೆ 50 ಸಲ ಮಾತ್ರ ಬಾಕಿ ನೋಡಬಹುದು. ಜೊತೆಗೆ, ರೊಕ್ಕ ಕಳಿಸಿದ ಮೇಲೆ ಉಳಿದ ಬಾಕಿಯನ್ನು ಬ್ಯಾಂಕ್ ತಾನಾಗಿಯೇ ತಿಳಿಸಬೇಕು ಎಂದೂ ನಿಯಮವಾಯಿತು.

ನಮಗೆ 50 ಸಲ ಬೇಕಾದಷ್ಟಾಯಿತು. ಆದರೆ ಬೇಕಾದ ಹೊತ್ತಿನಲ್ಲಿ ಒಮ್ಮೆ ನೋಡುವುದನ್ನು ಬಿಡಬೇಡಿ. ಎಮ್ಮೆ ಕೊಳ್ಳುವವನು "ತಪ್ಪಿ 20,000 ಕಳಿಸಿಬಿಟ್ಟೆ ಅಕ್ಕಾರ, 18,000 ವಾಪಸ್ ಹಾಕ್ರಿ" ಎಂದರೆ, ಫೋನಿಗೆ "ಜಮಾ ಆಗಿದೆ" ಎಂಬ ಸಂದೇಶವೂ ಬಂದಿದ್ದರೆ, ಅದನ್ನು ನಂಬಬೇಡಿ. ಅಂಥ ಸಂದೇಶವನ್ನು ಯಾರು ಬೇಕಾದರೂ ಬರೆದು ಕಳಿಸಬಹುದು. ಅವನ ಫೋನ್ ಕಟ್ ಮಾಡಿ, ನೀವೇ ಆ್ಯಪ್ ತೆರೆದು ಬಾಕಿ ನೋಡಿ. ಅಲ್ಲಿ ಏರಿಲ್ಲದಿದ್ದರೆ ರೊಕ್ಕ ಬಂದಿಲ್ಲ.

ಬಾಕಿ ನೋಡುವಾಗಲೂ ಆ್ಯಪ್ ಪಿನ್ ಕೇಳುತ್ತದೆ, ರೊಕ್ಕ ಕೊಡುವಾಗಲೂ ಕೇಳುತ್ತದೆ. ರೊಕ್ಕ ಪಡೆಯಲು ಮಾತ್ರ ಎಂದೂ ಕೇಳುವುದಿಲ್ಲ. ಈ ನಿಯಮ ಮೊದಲಿನಿಂದ ಇದೆ, ಯಾವ ಅಪ್‌ಡೇಟ್ ಬಂದರೂ ಬದಲಾಗಿಲ್ಲ.

ಅಪ್‌ಡೇಟ್ ಮಾಡುವುದು ಹೇಗೆ, ಎಲ್ಲಿಂದ

ಮೇಲಿನ ಕೆಲವು ಬದಲಾವಣೆ ಬ್ಯಾಂಕ್ ಮತ್ತು ಎನ್‌ಪಿಸಿಐ ಕಡೆಯಿಂದಲೇ ಆದವು. ನೀವು ಅಪ್‌ಡೇಟ್ ಮಾಡದಿದ್ದರೂ ಅವು ಜಾರಿಯಲ್ಲಿವೆ. ಆದರೆ ಹಳೆಯ ಆ್ಯಪ್‌ನಲ್ಲಿ ಗುಂಡಿ ಒಂದು ಕಡೆ, ಕೆಲಸ ಇನ್ನೊಂದು ಕಡೆ ಎಂಬಂತಾಗಿ ಪಾವತಿ ಸಿಕ್ಕಿಕೊಳ್ಳಬಹುದು. ಅದಕ್ಕೆ ಅಪ್‌ಡೇಟ್ ಬೇಕು.

ಪ್ಲೇ ಸ್ಟೋರ್ ತೆರೆದು ನಿಮ್ಮ ಆ್ಯಪ್‌ನ ಹೆಸರು ಹುಡುಕಿ. ಹೊಸದು ಬಂದಿದ್ದರೆ Update ಎಂಬ ಗುಂಡಿ ಇರುತ್ತದೆ. Open ಎಂದಿದ್ದರೆ ನಿಮ್ಮ ಆ್ಯಪ್ ಆಗಲೇ ಹೊಸದು, ಏನೂ ಮಾಡಬೇಕಿಲ್ಲ. What's new ಎಂಬಲ್ಲಿ ಕಂಪನಿ ಬರೆದದ್ದನ್ನು ಓದಬಹುದು. ವಾಟ್ಸಾಪ್‌ನಲ್ಲಿ ಯಾರೋ ಕಳಿಸಿದ ಕೊಂಡಿಯಿಂದಾಗಲಿ, .apk ಎಂದು ಕೊನೆಯಾಗುವ ಫೈಲಿನಿಂದಾಗಲಿ ಎಂದೂ ಅಪ್‌ಡೇಟ್ ಮಾಡಬೇಡಿ. ಅಂಥ ಫೈಲು ನಿಮ್ಮ ಫೋನಿಗೆ ಬರುವ ಓಟಿಪಿಗಳನ್ನು ಕಳ್ಳನಿಗೆ ರವಾನಿಸಬಲ್ಲದು.

ಎಲ್ಲ ನೋಡಿಯೂ ರೊಕ್ಕ ಹೋದರೆ ತಡ ಮಾಡದೆ 1930ಕ್ಕೆ ಫೋನ್ ಮಾಡಿ, ನಿಮ್ಮ ಬ್ಯಾಂಕಿಗೂ ತಿಳಿಸಿ. ರೊಕ್ಕ ಕಳ್ಳನ ಖಾತೆಯಿಂದ ಮುಂದೆ ಹೋಗುವ ಮೊದಲು ತಡೆಯಲು ಸಾಧ್ಯವಾಗುವುದು ಬೇಗ ಹೇಳಿದರೆ ಮಾತ್ರ. ಆಗ ನಿಮ್ಮನ್ನು ವ್ಯವಹಾರದ ಸಂಖ್ಯೆ ಕೇಳುತ್ತಾರೆ. ಆ್ಯಪ್‌ನ ಹಿಸ್ಟರಿಯಲ್ಲಿ ಆ ಪಾವತಿಯನ್ನು ಒತ್ತಿದರೆ ಅದು ಸಿಗುತ್ತದೆ. ನಿಮ್ಮ ಎಮ್ಮೆಯ ಕಿವಿಯೋಲೆಯ ಮೇಲಿರುವಂತೆ ಅದಕ್ಕೂ 12 ಅಂಕಿ. ಅದನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡೇ ಫೋನ್ ಮಾಡಿ.