ತೊಳೆದರೂ ಹೋಗದ ಫ್ರಿಜ್ ವಾಸನೆ

ಫ್ರಿಜ್ ಖಾಲಿ ಮಾಡಿ, ಟ್ರೇಗಳನ್ನೆಲ್ಲ ಸೋಪುನೀರಲ್ಲಿ ತೊಳೆದು ಒರೆಸಿಟ್ಟದ್ದಾಯಿತು. ಮರುದಿನ ಬಾಗಿಲು ತೆಗೆದರೆ ಮತ್ತದೇ ನಾತ. ಇನ್ನೊಮ್ಮೆ ಒಳಗೆ ತಿಕ್ಕಿ ಪ್ರಯೋಜನವಿಲ್ಲ. ಫ್ರಿಜ್ಜನ್ನು ಮುಂದಕ್ಕೆಳೆದು ಹಿಂಬದಿ ನೋಡಬೇಕು.

ಮನೆಯವರು ಊರಿಗೆ ಹೋಗಿದ್ದಾಗ ಎರಡು ದಿನ ಕರೆಂಟ್ ಹೋಗಿ, ಫ್ರೀಜರಿನಲ್ಲಿದ್ದ ಬಂಗುಡೆ ಕರಗಿತೆನ್ನಿ. ಆ ನೀರು ಸುಮ್ಮನೆ ತಳದಲ್ಲಿ ನಿಲ್ಲುವುದಿಲ್ಲ. ಅನೇಕ ಫ್ರಿಜ್ಜುಗಳಲ್ಲಿ ಒಳಗಿನ ಹಿಂಗೋಡೆಯ ಬುಡದಲ್ಲೊಂದು ಸಣ್ಣ ತೂತಿರುತ್ತದೆ. ಮಂಜು ಕರಗಿದ ನೀರು ಅದರ ಮೂಲಕ ಪೈಪಿನಲ್ಲಿಳಿದು, ಹಿಂದೆ ಕಂಪ್ರೆಸರ್ ಮೇಲಿರುವ ಟ್ರೇಗೆ ಬೀಳುತ್ತದೆ. ಮೀನಿನ ನೀರಿಗೂ ಅದೇ ದಾರಿ. ಕಂಪ್ರೆಸರಿನ ಬಿಸಿಗೆ ನೀರು ಆವಿಯಾಗುತ್ತದೆ, ಕೊಳೆ ಟ್ರೇಯಲ್ಲೇ ಅಂಟಿಕೊಳ್ಳುತ್ತದೆ. ಬಾಗಿಲು ಮುಚ್ಚಿದ್ದರೂ ಅಡುಗೆಮನೆಯಲ್ಲಿ ವಾಸನೆ ಬರುತ್ತಿದ್ದರೆ, ಫ್ರಿಜ್ಜಿನ ಹಿಂದೆ ಅದು ಜೋರಾಗಿದ್ದರೆ, ಮೊದಲು ಈ ಟ್ರೇಯನ್ನೇ ಅನುಮಾನಿಸಿ.

ಪ್ಲಗ್ ಕಿತ್ತು, ಕಂಪ್ರೆಸರ್ ತಣಿದ ಮೇಲೆ ಟ್ರೇ ಹೊರತೆಗೆದು ತೊಳೆಯಿರಿ. ಬಿಚ್ಚಲು ಬಾರದಿದ್ದರೆ ಬಟ್ಟೆಯಿಂದ ಮತ್ತೆ ಮತ್ತೆ ಒರೆಸಿ ತೆಗೆಯಬೇಕು. ಆಮೇಲೆ ಸೂಜಿಯಿಲ್ಲದ ಸಿರಿಂಜಿನಿಂದ ತೂತಿಗೆ ಉಗುರುಬೆಚ್ಚನೆ ನೀರು ಬಿಡಿ. ಅದು ಹಿಂದಿನ ಟ್ರೇಗೆ ಸರಾಗವಾಗಿ ಇಳಿದರೆ ಪೈಪ್ ಕಟ್ಟಿಲ್ಲವೆಂದರ್ಥ. ಕುದಿಯುವ ನೀರು ಬೇಡ, ಪ್ಲಾಸ್ಟಿಕ್ ಸೊಟ್ಟಗಾದೀತು. ಫ್ರಾಸ್ಟ್‌ಫ್ರೀ ಮಾದರಿಗಳಲ್ಲಿ ಫ್ರೀಜರಿನ ನೀರಿಳಿಯುವ ತೂತು ಒಳಫಲಕದ ಹಿಂದಿರುತ್ತದೆ. ಅದನ್ನು ಮೆಕ್ಯಾನಿಕ್ಕೇ ಬಿಚ್ಚಲಿ. ಬಾಗಿಲಿನ ರಬ್ಬರ್ ಮಡಿಕೆಗಳನ್ನೂ ಗಾಜಿನ ಶೆಲ್ಫಿನ ಅಂಚುಪಟ್ಟಿಯನ್ನೂ ಹಳೆಯ ಟೂತ್‌ಬ್ರಷ್‌ನಿಂದ ಉಜ್ಜಿ. ಉಕ್ಕಿದ ದೋಸೆಹಿಟ್ಟು ಕೂತು ಹಳಸುವ ಜಾಗ ಅದು.

ಇನ್ನು ವಾಸನೆ ತೆಗೆಯುವ ಕೆಲಸ. ಎಲ್ಲದಕ್ಕೂ ಅಡುಗೆಸೋಡಾ ಎನ್ನುವ ಸಲಹೆ ಅರ್ಧ ಸತ್ಯ. ಹುಳಿಬಂದ ಹಿಟ್ಟು, ಕೆಟ್ಟ ಹಾಲಿನ ವಾಸನೆ ಆಮ್ಲೀಯ. ಲೀಟರ್ ನೀರಿಗೆ ಎರಡು ದೊಡ್ಡ ಚಮಚ ಸೋಡಾ ಬೆರೆಸಿ ಒರೆಸಿದರೆ ತಗ್ಗುತ್ತದೆ. ಮೀನಿನ ನಾತಕ್ಕೆ ಮುಖ್ಯ ಕಾರಣವಾದ ಟ್ರೈಮಿಥೈಲಮೀನ್ ಸ್ವತಃ ಕ್ಷಾರ. ಅದಕ್ಕೆ ಬೇಕಾದದ್ದು ಸಮಪ್ರಮಾಣ ನೀರು ಬೆರೆಸಿದ ವಿನೆಗರ್. ಸೋಡಾ, ವಿನೆಗರ್ ಎರಡನ್ನೂ ಒಟ್ಟಿಗೆ ಸುರಿದರೆ ನೊರೆ ಬರುತ್ತದೆ, ಆದರೆ ಒಂದರ ಗುಣವನ್ನು ಇನ್ನೊಂದು ಕಳೆಯುತ್ತದೆ. ವಿನೆಗರಿಗೆ ಬ್ಲೀಚ್ ಮಾತ್ರ ಎಂದೂ ಸೇರಿಸಬೇಡಿ, ವಿಷಕಾರಿ ಕ್ಲೋರಿನ್ ಅನಿಲ ಏಳುತ್ತದೆ.

ಪ್ಲಾಸ್ಟಿಕ್ ಕೂಡ ವಾಸನೆ ಹೀರಿಕೊಂಡಿರುತ್ತದೆ. ಹಾಗಾಗಿ ಒಂದೆರಡು ದಿನ ಫ್ರಿಜ್ ಆಫ್ ಮಾಡಿ ಬಾಗಿಲು ತೆರೆದಿಡಿ. ಮಕ್ಕಳಿರುವ ಮನೆಯಲ್ಲಿ ಅವರು ಒಳಹೊಗದಂತೆ ನೋಡಿಕೊಳ್ಳಿ. ಮತ್ತೆ ಚಾಲೂ ಮಾಡಿದ ಮೇಲೆ ಅಗಲ ತಟ್ಟೆಯಲ್ಲಿ ಆಕ್ಟಿವೇಟೆಡ್ ಇದ್ದಿಲು ಇಡಿ. ನಿಂಬೆಹೋಳು ವಾಸನೆಯನ್ನು ಮರೆಮಾಚುತ್ತದೆಯೇ ಹೊರತು ತೆಗೆಯುವುದಿಲ್ಲ.

ಇಷ್ಟಾದರೂ ನಾತ ಉಳಿದರೆ, ಒಳಗೋಡೆಯ ಬಿರುಕಿನಿಂದ ಕೊಳೆನೀರು ಹಿಂದಿನ ಫೋಮಿಗೆ ಇಳಿದಿರಬಹುದು. ಅದನ್ನು ತೊಳೆಯಲು ದಾರಿಯಿಲ್ಲ, ಫ್ರಿಜ್ಜನ್ನೇ ಬದಲಿಸಬೇಕು.